ಪ್ರತಿ ಕ್ಷಣ ಬಡ್ಡಿ ಸೇರಿಸಿದರೂ ದುಡ್ಡು ಅನಂತವಾಗುವುದಿಲ್ಲ ಯಾಕೆ?

ಪ್ರಶ್ನೆ: ಮಗಳ ಪಿಯುಸಿ ಗಣಿತ ಪುಸ್ತಕದಲ್ಲಿ (1 + 1/n)^n ಅನ್ನೋದು e ಕಡೆಗೆ, ಅಂದರೆ 2.718ರ ಕಡೆಗೆ ಹೋಗುತ್ತೆ ಅಂತಿದೆ. ಇದು ಚಕ್ರಬಡ್ಡಿಯಿಂದ ಬಂದದ್ದು ಅಂತಾರೆ. ಸೆಕೆಂಡಿಗೊಮ್ಮೆ ಬಡ್ಡಿ ಸೇರಿಸ್ತಾ ಹೋದರೆ ದುಡ್ಡು ಬೆಳೆಯುತ್ತಲೇ ಇರಬೇಕಲ್ವಾ, ಎಲ್ಲೋ ನಿಲ್ಲೋದು ಯಾಕೆ? ನಾನು ಕಂಪ್ಯೂಟರಿನಲ್ಲಿ ತುಂಬಾ ದೊಡ್ಡ n ಹಾಕಿ ನೋಡಿದರೆ ಉತ್ತರ 1 ಬಂತು! ಇನ್ನೊಂದು, ವರ್ಷಕ್ಕೆ ನೂರಕ್ಕೆ ನೂರು ಬಡ್ಡಿ ಯಾರೂ ಕೊಡಲ್ಲ. ನಮ್ಮ ಶೇ 7ರ ಎಫ್‌ಡಿಗೂ ಈ e ಗೂ ಏನು ಸಂಬಂಧ?

ಉತ್ತರ: ಮೊದಲು ಒಂದು ರೂಪಾಯಿಯ ಲೆಕ್ಕವನ್ನೇ ಪೂರ್ತಿ ಬಿಡಿಸಿ ನೋಡೋಣ. ಅಲ್ಲಿ ಒಳಗೆ ಏನಾಗುತ್ತಿದೆ ಅಂತ ಕಂಡರೆ ನಿಮ್ಮ ಮೂರೂ ಪ್ರಶ್ನೆಗೆ ಉತ್ತರ ಅಲ್ಲೇ ಸಿಗುತ್ತದೆ.

ಅಸಲು 1 ರೂಪಾಯಿ, ಬಡ್ಡಿ ವರ್ಷಕ್ಕೆ ಶೇ 100, ಅವಧಿ ಒಂದು ವರ್ಷ. ವರ್ಷದ ಕೊನೆಗೆ ಒಮ್ಮೆ ಮಾತ್ರ ಬಡ್ಡಿ ಸೇರಿಸಿದರೆ ಕೈಗೆ ಬರುವುದು 2 ರೂಪಾಯಿ. ಆರು ತಿಂಗಳಿಗೊಮ್ಮೆ ಶೇ 50ರಂತೆ ಸೇರಿಸಿದರೆ 2.25. ಮೂರು ತಿಂಗಳಿಗೊಮ್ಮೆ ಆದರೆ 2.4414. ತಿಂಗಳಿಗೊಮ್ಮೆ 2.6130, ದಿನಕ್ಕೊಮ್ಮೆ 2.7146, ಗಂಟೆಗೊಮ್ಮೆ 2.7181. ಗಂಟೆಯ ಲೆಕ್ಕ ಅಂದರೆ n ಆಗಲೇ 8,760. ಬಡ್ಡಿ ಸೇರಿಸುವ ಸಲ ದಿನದ ಲೆಕ್ಕಕ್ಕಿಂತ 24 ಪಟ್ಟು ಜಾಸ್ತಿ ಆಯಿತು, ಆದರೆ ಸಿಕ್ಕಿದ್ದು ಅರ್ಧ ಪೈಸೆಗಿಂತ ಕಡಿಮೆ.

ಇಲ್ಲಿ ಕೇಳಬೇಕಾದ ಪ್ರಶ್ನೆ ಇದು: n ಹೆಚ್ಚಿಸಿದಾಗ ನಿಜವಾಗಿ ಏನು ಹೆಚ್ಚಾಗುತ್ತದೆ? ಅಸಲು ಹೆಚ್ಚಾಗುವುದಿಲ್ಲ. ಅಸಲಿನ ಮೇಲಿನ ಬಡ್ಡಿಯೂ ಹೆಚ್ಚಾಗುವುದಿಲ್ಲ, ಅದು ಎಷ್ಟು ತುಂಡು ಮಾಡಿ ಕೊಟ್ಟರೂ ವರ್ಷಕ್ಕೆ ಒಟ್ಟು 1 ರೂಪಾಯಿಯೇ. ಹೆಚ್ಚಾಗುವುದು ಬಡ್ಡಿಯ ಮೇಲಿನ ಬಡ್ಡಿ, ಅದರ ಮೇಲಿನ ಬಡ್ಡಿ, ಹೀಗೆ ಮುಂದಿನದ್ದು ಮಾತ್ರ. ಇವನ್ನು ತಲೆಮಾರುಗಳ ಹಾಗೆ ಬೇರೆ ಬೇರೆ ಎಣಿಸೋಣ. ಅಸಲಿಗೆ ಹುಟ್ಟುವ ಬಡ್ಡಿ ಮೊದಲ ತಲೆಮಾರು. ಅದಕ್ಕೆ ಹುಟ್ಟುವ ಬಡ್ಡಿ ಎರಡನೆಯದು. ಅದಕ್ಕೆ ಹುಟ್ಟುವುದು ಮೂರನೆಯದು.

ಮೂರು ತಿಂಗಳಿಗೊಮ್ಮೆ ಬಡ್ಡಿ ಸೇರಿಸುವ ಲೆಕ್ಕ ತೆಗೆದುಕೊಳ್ಳಿ. ಅಸಲು ಪ್ರತಿ ಸಲ 25 ಪೈಸೆ ಹುಟ್ಟಿಸುತ್ತದೆ, ನಾಲ್ಕು ಸಲಕ್ಕೆ 1 ರೂಪಾಯಿ. ಮೊದಲ ಸಲ ಬಂದ 25 ಪೈಸೆಗೆ ಇನ್ನೂ ಮೂರು ಅವಧಿ ಬಾಕಿ ಇದೆ. ಒಂದೊಂದು ಅವಧಿಗೂ ಅದು 6.25 ಪೈಸೆ ದುಡಿಯುತ್ತದೆ. ಎರಡನೇ ಸಲ ಬಂದ 25 ಪೈಸೆಗೆ ಎರಡು ಅವಧಿ ಸಿಗುತ್ತದೆ, ಮೂರನೆಯದಕ್ಕೆ ಒಂದು, ಕೊನೆಯದಕ್ಕೆ ಏನೂ ಇಲ್ಲ. ಒಟ್ಟು 3 + 2 + 1 = 6 ಸಲ 6.25 ಪೈಸೆ, ಅಂದರೆ 37.5 ಪೈಸೆ. ಇದು ಎರಡನೇ ತಲೆಮಾರು. ಇದೇ ರೀತಿ ಎಣಿಸಿದರೆ ಮೂರನೇ ತಲೆಮಾರು 6.25 ಪೈಸೆ, ನಾಲ್ಕನೆಯದು ಪೈಸೆಯ ಶೇ 39 ಮಾತ್ರ. ಐದನೆಯದು ಹುಟ್ಟುವುದೇ ಇಲ್ಲ, ಯಾಕೆಂದರೆ ಇರುವುದೇ ನಾಲ್ಕು ಅವಧಿ. ಎಲ್ಲ ಕೂಡಿಸಿ: 1 + 1 + 0.375 + 0.0625 + 0.0039 = 2.4414. ಶಾಲೆಯಲ್ಲಿ ಕಲಿತ ದ್ವಿಪದ ಪ್ರಮೇಯ ಹೇಳುವುದೂ ಇದನ್ನೇ.

ಈಗ ಎರಡನೇ ತಲೆಮಾರಿನ ಮೇಲೆ ಸ್ವಲ್ಪ ಹೊತ್ತು ನಿಲ್ಲಿ. ವರ್ಷಕ್ಕೆ n ಸಲ ಬಡ್ಡಿ ಸೇರಿಸಿದರೆ ಅದರ ಮೊತ್ತ

½ × (n − 1)/n

ಆಗುತ್ತದೆ. ನಾಲ್ಕು ಸಲ ಆದರೆ ½ರ ಮುಕ್ಕಾಲು ಭಾಗ, ಅದೇ 0.375. ಹನ್ನೆರಡು ಸಲ ಆದರೆ ½ರ 11/12 ಭಾಗ. ದಿನಾ ಸೇರಿಸಿದರೆ ½ರ 364/365 ಭಾಗ. n ಎಷ್ಟೇ ದೊಡ್ಡದಾಗಲಿ, ಇದು ½ ದಾಟುವುದಿಲ್ಲ. ಯಾಕೆ ಅರ್ಧ? ಅಸಲಿನ ಬಡ್ಡಿ ವರ್ಷದ ಮೊದಲ ದಿನ ಸೊನ್ನೆ, ಕೊನೆಯ ದಿನ 1 ರೂಪಾಯಿ, ನಡುವೆ ಒಂದೇ ಸಮನೆ ಏರುತ್ತದೆ. ಅಂದರೆ ಸರಾಸರಿ ಅರ್ಧ ರೂಪಾಯಿ ವರ್ಷವಿಡೀ ದುಡಿದ ಹಾಗೆ. ಅರ್ಧ ರೂಪಾಯಿಗೆ ಶೇ 100ರಂತೆ ಬಡ್ಡಿ ಅರ್ಧ ರೂಪಾಯಿ. ಬಡ್ಡಿಯನ್ನು ಕ್ಷಣಕ್ಷಣಕ್ಕೂ ಸೇರಿಸಿದರೂ ಇದಕ್ಕಿಂತ ಜಾಸ್ತಿ ದುಡಿಯಲು ಅದಕ್ಕೆ ಸಮಯವೇ ಇಲ್ಲ. ವರ್ಷ ಒಂದೇ ಇರುವುದು.

ಮೂರನೇ ತಲೆಮಾರಿನ ಮೇಲ್ಮಿತಿ 1/6. ಇದಕ್ಕೆ ಕಾರಣವೂ ಸರಳ. ಮೂರನೇ ತಲೆಮಾರಿನ ಬಡ್ಡಿ ಹುಟ್ಟಬೇಕಾದರೆ ವರ್ಷದಲ್ಲಿ ಮೂರು ಬೇರೆ ಬೇರೆ ಕ್ಷಣಗಳು ಬೇಕು, ಅದೂ ಸರಿಯಾದ ಸರದಿಯಲ್ಲಿ. ಮೊದಲು ಬಡ್ಡಿ, ಆಮೇಲೆ ಅದರ ಬಡ್ಡಿ, ಆಮೇಲೆ ಅದರ ಬಡ್ಡಿ. ಮೂರು ಕ್ಷಣಗಳನ್ನು ಜೋಡಿಸಲು 3 × 2 × 1 = 6 ಸರದಿಗಳಿವೆ, ಅದರಲ್ಲಿ ಕೆಲಸಕ್ಕೆ ಬರುವುದು ಒಂದೇ. ಹಾಗಾಗಿ 1/6. ನಾಲ್ಕನೆಯದಕ್ಕೆ 24 ಸರದಿ, ಮೇಲ್ಮಿತಿ 1/24. ಐದನೆಯದಕ್ಕೆ 1/120. ಪ್ರತಿ ತಲೆಮಾರಿಗೂ ಅದರದ್ದೇ ಒಂದು ಗೋಡೆ ಇದೆ, ಮತ್ತು ಆ ಗೋಡೆಗಳು ಬಹಳ ಬೇಗ ಕುಳ್ಳಗಾಗುತ್ತವೆ. ಎಲ್ಲ ಮೇಲ್ಮಿತಿಗಳನ್ನೂ ಕೂಡಿಸಿ:

1 + 1 + 1/2 + 1/6 + 1/24 + 1/120 + …

ಇದು 3ಕ್ಕಿಂತ ಕಡಿಮೆ ಅಂತ ತೋರಿಸಲು ದೊಡ್ಡ ಗಣಿತ ಬೇಡ. 1/6ರ ಬದಲು 1/4, 1/24ರ ಬದಲು 1/8, 1/120ರ ಬದಲು 1/16 ಹೀಗೆ ದೊಡ್ಡ ಸಂಖ್ಯೆಗಳನ್ನೇ ಇಟ್ಟುಕೊಳ್ಳಿ. 1/2 + 1/4 + 1/8 + … ಎಷ್ಟು ಸೇರಿಸಿದರೂ 1 ದಾಟುವುದಿಲ್ಲ. ಹಾಗಾಗಿ ದೊಡ್ಡದು ಮಾಡಿದ ಮೊತ್ತವೇ 3ರೊಳಗೆ ಇರುತ್ತದೆ ಅಂದಮೇಲೆ ನಮ್ಮದು ಇನ್ನೂ ಕೆಳಗೆ. ಇತ್ತ n ಹೆಚ್ಚಿದಂತೆ ಎರಡನೆಯದರಿಂದ ಮುಂದಿನ ಪ್ರತಿ ತಲೆಮಾರೂ ಏರುತ್ತಲೇ ಹೋಗುತ್ತದೆ, ಇಳಿಯುವುದಿಲ್ಲ. ಏರುತ್ತಲೇ ಇದ್ದು 3 ದಾಟದ ಸಂಖ್ಯೆ ಯಾವುದೋ ಒಂದು ಬೆಲೆಗೆ ಹತ್ತಿರವಾಗಲೇಬೇಕು. ಆ ಬೆಲೆಯೇ e = 2.718281828459…

ಈ ಪ್ರಶ್ನೆಯನ್ನು ಬಡ್ಡಿಯ ರೂಪದಲ್ಲೇ ಕೇಳಿದವರು ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಯಾಕೋಬ್ ಬರ್ನೂಲಿ. 1690ರಲ್ಲಿ ಪ್ರಕಟಿಸಿದ ಬರಹದಲ್ಲಿ ಅವರು, ಕ್ಷಣಕ್ಷಣಕ್ಕೂ ಬಡ್ಡಿ ಸೇರಿದರೆ ವರ್ಷದ ಕೊನೆಗೆ ಸಾಲ ಅಸಲಿನ ಎರಡೂವರೆ ಪಟ್ಟಿಗಿಂತ ಹೆಚ್ಚು, ಮೂರು ಪಟ್ಟಿಗಿಂತ ಕಡಿಮೆ ಅಂತ ತೋರಿಸಿದರು. ಎರಡೂವರೆ ಎಲ್ಲಿಂದ ಬಂತು ಅಂತ ಈಗ ನಿಮಗೆ ಕಾಣುತ್ತದೆ: 1 + 1 + ½. ಅದೇ ಊರಿನಲ್ಲಿ ಹುಟ್ಟಿದ ಆಯ್ಲರ್ ಇದಕ್ಕೆ e ಅಕ್ಷರ ಬಳಸಿದರು, 1748ರ ತಮ್ಮ ಪುಸ್ತಕದಲ್ಲಿ ದಶಮಾಂಶದ ನಂತರ 23 ಅಂಕಿಗಳವರೆಗೆ ಬೆಲೆ ಕೊಟ್ಟರು. ಅಷ್ಟು ಅಂಕಿ ಬೇಕೆಂದರೆ (1 + 1/n)^n ಸೂತ್ರ ಕೆಲಸಕ್ಕೆ ಬಾರದು, ಅದು ತುಂಬಾ ನಿಧಾನ. ಅದರ ಕೊರತೆ ಸುಮಾರು e/(2n). n = 365ಕ್ಕೆ ಈ ಅಂದಾಜು 0.0037 ಅನ್ನುತ್ತದೆ, ನಿಜವಾದ ಕೊರತೆಯೂ 0.0037. ತಲೆಮಾರುಗಳ ಮೊತ್ತದಲ್ಲಿ ಹತ್ತೇ ಪದ ಕೂಡಿಸಿದರೆ, ಅಂದರೆ 1/9! ವರೆಗೆ, 2.7182815 ಸಿಗುತ್ತದೆ. ಅಷ್ಟೇ ನಿಖರತೆ ಇನ್ನೊಂದು ಸೂತ್ರದಿಂದ ಬೇಕೆಂದರೆ n ಸುಮಾರು 45 ಲಕ್ಷ ಆಗಬೇಕು.

ನಿಮ್ಮ ಮನಸ್ಸಿನಲ್ಲಿ ಇನ್ನೊಂದು ಅನುಮಾನ ಇದ್ದೀತು. ಆವರಣದೊಳಗಿನದ್ದು 1ಕ್ಕೆ ಹತ್ತಿರ ಬರುತ್ತಿದೆ, 1ರ ಯಾವ ಘಾತವೂ 1 ತಾನೇ? ಅಥವಾ 1ಕ್ಕಿಂತ ದೊಡ್ಡದನ್ನು ಲೆಕ್ಕವಿಲ್ಲದಷ್ಟು ಸಲ ಗುಣಿಸಿದರೆ ಅನಂತ ಆಗಬೇಕಲ್ವಾ? ಒಂದನ್ನು ತಡೆದು ನಿಲ್ಲಿಸಿ ಇನ್ನೊಂದನ್ನು ಓಡಿಸಿದರೆ ಎರಡೂ ವಾದ ಸರಿ. ಆದರೆ ಇಲ್ಲಿ ಎರಡೂ ಒಟ್ಟಿಗೆ ಓಡುತ್ತಿವೆ. ಬಡ್ಡಿಯ ತುಂಡು ಎಷ್ಟು ಪಟ್ಟು ಚಿಕ್ಕದಾಗುತ್ತದೋ, ಗುಣಿಸುವ ಸಲ ಅಷ್ಟೇ ಪಟ್ಟು ಹೆಚ್ಚುತ್ತದೆ. ಈ ಸಮತೋಲ ಕೆಡಿಸಿ ನೋಡಿ. n = 10,000 ಇರಲಿ. 1/n ಬದಲು 1/n² ಹಾಕಿದರೆ ಉತ್ತರ ಸುಮಾರು 1.0001, n ಹೆಚ್ಚಿದಂತೆ ಅದು 1ಕ್ಕೆ ಕುಸಿಯುತ್ತದೆ. 1/n ಬದಲು 1/√n ಹಾಕಿದರೆ ಅದು 1.01ರ ಹತ್ತು ಸಾವಿರದ ಘಾತ, 44 ಅಂಕಿಗಳ ದೈತ್ಯ ಸಂಖ್ಯೆ. ನಡುವೆ 1/n ಇದ್ದಾಗ ಮಾತ್ರ ಉತ್ತರ 1ಕ್ಕೂ ಬೀಳದೆ, ಅನಂತಕ್ಕೂ ಹಾರದೆ ನಿಲ್ಲುತ್ತದೆ.

ಹಾಗಾದರೆ ನಿಮ್ಮ ಕಂಪ್ಯೂಟರ್ 1 ಅಂದದ್ದು ಯಾಕೆ? ಅದು ಗಣಿತದ ತಪ್ಪಲ್ಲ, ಸಂಖ್ಯೆ ಹಿಡಿದಿಡುವ ಜಾಗದ ಮಿತಿ. ಪೈಥಾನ್‌ನಲ್ಲಿ ಇದನ್ನು ಓಡಿಸಿ:

```python
for k in (4, 8, 12, 15, 16):
    n = 10**k
    print(k, (1 + 1/n)**n)
```

ಮೊದಲು 2.71814 ಬರುತ್ತದೆ, 10^8ಕ್ಕೆ 2.71828. ಅಲ್ಲಿಯವರೆಗೆ ಸರಿ. 10^12ಕ್ಕೆ 2.71852, ಅಂದರೆ e ಗಿಂತಲೂ ಜಾಸ್ತಿ. ಇದು ಸಾಧ್ಯವೇ ಇಲ್ಲ ಅಂತ ನಾವು ಈಗಷ್ಟೇ ನೋಡಿದೆವು, ಹಾಗಾಗಿ ಇಲ್ಲೇ ಎಚ್ಚರಿಕೆ ಗಂಟೆ ಹೊಡೆಯಬೇಕು. 10^15ಕ್ಕೆ 3.035, 10^16ಕ್ಕೆ ಸೀದಾ 1.0. ಕಂಪ್ಯೂಟರ್ 1ರ ಪಕ್ಕದ ಸಂಖ್ಯೆಗಳನ್ನು ಸುಮಾರು 2.22 × 10^−16 ಅಂತರದ ಮೆಟ್ಟಿಲುಗಳಲ್ಲಿ ಮಾತ್ರ ಇಟ್ಟುಕೊಳ್ಳಬಲ್ಲದು. 10^−15 ಅಂದರೆ ಇಂಥ ನಾಲ್ಕೂವರೆ ಮೆಟ್ಟಿಲಿಗಿಂತ ಒಂದಿಷ್ಟು ಹೆಚ್ಚು. ಅದು ಐದನೇ ಮೆಟ್ಟಿಲಿಗೆ ಹೋಗಿ ಕೂರುತ್ತದೆ. ಹಾಗಾಗಿ ಬಡ್ಡಿ ಶೇ 100ರ ಬದಲು ಶೇ 111.02 ಆದ ಹಾಗೆ, ಉತ್ತರ e^1.1102 = 3.035. ಇನ್ನು 10^−16 ಅರ್ಧ ಮೆಟ್ಟಿಲೂ ಇಲ್ಲ, ಅದು ಮಾಯವಾಗಿ 1 ಮಾತ್ರ ಉಳಿಯುತ್ತದೆ. ನಿಜವಾಗಿ ದೊಡ್ಡ n ಬೇಕಿದ್ದರೆ ಸಾಲನ್ನು ಹೀಗೆ ಬರೆಯಬೇಕು:

```python
import math
math.exp(n * math.log1p(1/n))
```

`log1p` ಅನ್ನುವುದು 1ರ ಜೊತೆ ಕೂಡಿಸದೆ ಆ ಚಿಕ್ಕ ತುಂಡನ್ನು ಹಾಗೇ ಉಳಿಸಿಕೊಂಡು ಲೆಕ್ಕ ಮಾಡುತ್ತದೆ.

ಈಗ ಎಫ್‌ಡಿಗೆ ಬರೋಣ. ಬಡ್ಡಿ ಶೇ 100 ಇರಲೇಬೇಕು ಅಂತೇನಿಲ್ಲ. ದರ r ಆದರೆ ಸೂತ್ರ (1 + r/n)^n. ಇಲ್ಲಿ r/n ಜಾಗದಲ್ಲಿ 1/m ಅಂತ ಬರೆದುಕೊಳ್ಳಿ. ಆಗ n = m × r. ಸೂತ್ರ ((1 + 1/m)^m)^r ಆಗುತ್ತದೆ. ಒಳಗೆ ಇರುವುದು ನಮ್ಮ ಹಳೆಯ ಪರಿಚಯ, ಅದು e ಕಡೆಗೆ ಹೋಗುತ್ತದೆ. ಒಟ್ಟು ಉತ್ತರ e^r. t ವರ್ಷ ಇಟ್ಟರೆ e^(rt). ಹಾಗಾಗಿ ಯಾವ ದರವಾದರೂ, ಎಷ್ಟು ವರ್ಷವಾದರೂ ಒಂದೇ e ಸಾಕು.

ಒಂದು ಲಕ್ಷ ರೂಪಾಯಿ, ಶೇ 7, ಒಂದು ವರ್ಷ. ಕ್ಷಣಕ್ಷಣಕ್ಕೂ ಬಡ್ಡಿ ಸೇರಿದರೆ ತಲೆಮಾರುಗಳು ಹೀಗಿರುತ್ತವೆ: ಮೊದಲನೆಯದು 7,000 ರೂಪಾಯಿ, ಎರಡನೆಯದು 245, ಮೂರನೆಯದು 5.72, ನಾಲ್ಕನೆಯದು 10 ಪೈಸೆ. ಒಟ್ಟು 1,07,250.82. ಇಡೀ ಆಟ ನಡೆಯುವುದು ಆ 245 ರೂಪಾಯಿಯ ಸುತ್ತ. ನಮ್ಮ ಬ್ಯಾಂಕುಗಳು ಸಾಮಾನ್ಯವಾಗಿ ಎಫ್‌ಡಿಗೆ ಮೂರು ತಿಂಗಳಿಗೊಮ್ಮೆ ಬಡ್ಡಿ ಸೇರಿಸುತ್ತವೆ. (n − 1)/n ಅನ್ನುವುದು ಇಲ್ಲೂ ಹಾಗೇ ನಡೆಯುತ್ತದೆ, 245ರ ಮುಕ್ಕಾಲು ಭಾಗ 183.75 ನಿಮಗೆ ಸಿಗುತ್ತದೆ. ಮೂರನೇ ತಲೆಮಾರಿನ 2.14 ಮತ್ತು ಅದರಾಚೆಯ ಒಂದು ಪೈಸೆ ಸೇರಿ 1,07,185.90. ತಿಂಗಳಿಗೊಮ್ಮೆ ಆದರೆ 1,07,229.01. ದಿನಾ ಆದರೆ 1,07,250.10. ದಿನಕ್ಕೊಮ್ಮೆ ಸೇರಿಸುವುದಕ್ಕೂ ಪ್ರತಿ ಕ್ಷಣ ಸೇರಿಸುವುದಕ್ಕೂ ಇಡೀ ವರ್ಷದ ವ್ಯತ್ಯಾಸ ಲಕ್ಷಕ್ಕೆ 72 ಪೈಸೆ. ಯಾರಾದರೂ "ನಮ್ಮಲ್ಲಿ ದಿನಾ ಚಕ್ರಬಡ್ಡಿ" ಅಂತ ಜಾಹೀರಾತು ಮಾಡಿದರೆ, ಮೂರು ತಿಂಗಳಿನದ್ದಕ್ಕೆ ಹೋಲಿಸಿ ಲಾಭ 64 ರೂಪಾಯಿ ಮಾತ್ರ ಅಂತ ನೆನಪಿಡಿ. ದರದಲ್ಲಿ ಶೇ 0.1 ಜಾಸ್ತಿ ಕೊಡುವ ಬ್ಯಾಂಕ್ ಅದಕ್ಕಿಂತ ಲಾಭ.

ದರ ದೊಡ್ಡದಾದಾಗ ಮಾತ್ರ ಮುಂದಿನ ತಲೆಮಾರುಗಳಿಗೆ ತೂಕ ಬರುತ್ತದೆ, ಯಾಕೆಂದರೆ ಎರಡನೆಯದು r²/2, ಮೂರನೆಯದು r³/6. ತಿಂಗಳಿಗೆ ಶೇ 3.5 ಹಾಕುವ ಕ್ರೆಡಿಟ್ ಕಾರ್ಡ್ ಬಾಕಿ ನೋಡಿ. ಹೇಳುವಾಗ ವರ್ಷಕ್ಕೆ ಶೇ 42. ಏನೂ ಕಟ್ಟದೆ ವರ್ಷ ಬಿಟ್ಟರೆ, ಬೇರೆ ದಂಡ, ತೆರಿಗೆ ಬಿಟ್ಟು, ಬಾಕಿ ಶೇ 51.1 ಬೆಳೆದಿರುತ್ತದೆ. ಕ್ಷಣಕ್ಷಣಕ್ಕೂ ಸೇರಿಸಿದ್ದರೆ ಶೇ 52.2 ಆಗುತ್ತಿತ್ತು. ಇಲ್ಲಿ ಬಡ್ಡಿ ಮೇಲಿನ ಬಡ್ಡಿಯೇ ನೂರಕ್ಕೆ ಒಂಬತ್ತು ರೂಪಾಯಿ.

ಬ್ಯಾಂಕ್ ಯಾವುದೂ ಕ್ಷಣಕ್ಷಣದ ಬಡ್ಡಿ ಕೊಡದಿದ್ದರೂ e^(rt) ಎಲ್ಲೆಡೆ ಯಾಕೆ ಬಳಸುತ್ತಾರೆ ಅಂದರೆ, ಬೆಳವಣಿಗೆಗೆ ತಾರೀಖು ಇಲ್ಲದ ಸಂಗತಿಗಳು ಬಹಳ ಇವೆ. ಜನಸಂಖ್ಯೆ ಅಂಥದ್ದು. ಮಕ್ಕಳು ಮಾರ್ಚ್ 31ಕ್ಕೆ ಒಟ್ಟಿಗೆ ಹುಟ್ಟುವುದಿಲ್ಲ, ವರ್ಷವಿಡೀ ಹುಟ್ಟುತ್ತಲೇ ಇರುತ್ತಾರೆ. ಅಲ್ಲಿ ಕ್ಷಣಕ್ಷಣದ ಲೆಕ್ಕವೇ ವಾಸ್ತವಕ್ಕೆ ಹತ್ತಿರ.

ಕರ್ನಾಟಕದ ಲೆಕ್ಕವನ್ನೇ ಮಾಡೋಣ. 2001ರ ಜನಗಣತಿಯಲ್ಲಿ 5,28,50,562 ಜನ, 2011ರಲ್ಲಿ 6,10,95,297. ಹತ್ತು ವರ್ಷದಲ್ಲಿ ಶೇ 15.6 ಏರಿಕೆ. ವರ್ಷಕ್ಕೆ ಎಷ್ಟು? ಬಹಳ ಜನ ಹತ್ತರಿಂದ ಭಾಗಿಸಿ ಶೇ 1.56 ಅಂದುಬಿಡುತ್ತಾರೆ. ಪರೀಕ್ಷೆ ಸುಲಭ: 2001ರ ಸಂಖ್ಯೆಯನ್ನು ವರ್ಷಕ್ಕೆ ಶೇ 1.56ರಂತೆ ಹತ್ತು ವರ್ಷ ಬೆಳೆಸಿ ನೋಡಿ. ಸುಮಾರು 6.17 ಕೋಟಿ ಬರುತ್ತದೆ, ನಿಜಕ್ಕಿಂತ 6 ಲಕ್ಷ ಜನ ಜಾಸ್ತಿ. ಸರಿಯಾದ ದಾರಿ ಲಾಗರಿದಂ. ಅನುಪಾತ 1.156, e ಆಧಾರದ ಮೇಲೆ ಅದರ ಲಾಗರಿದಂ 0.1450, ಹತ್ತರಿಂದ ಭಾಗಿಸಿದರೆ ವರ್ಷಕ್ಕೆ ಶೇ 1.450. ಇದು ಕ್ಷಣಕ್ಷಣದ ದರ. ವರ್ಷಕ್ಕೊಮ್ಮೆ ಸೇರಿಸುವ ದರವಾಗಿ ಹೇಳಬೇಕೆಂದರೆ ಶೇ 1.460. ಎರಡೂ ಒಂದೇ ಬೆಳವಣಿಗೆಯನ್ನು ಹೇಳುತ್ತವೆ, ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಬಾರದು. ಶೇ 1.46ರ ಹತ್ತಿರ ಇದು ಸಣ್ಣ ವಿಷಯ, ಶೇ 42ರ ಹತ್ತಿರ ಸಣ್ಣದಲ್ಲ. ಯಾವ ಸೂತ್ರಕ್ಕೆ r ಹಾಕುವ ಮೊದಲೂ ಅದು ಯಾವ ಬಗೆಯ ದರ ಅಂತ ಕೇಳಿಕೊಳ್ಳಿ.

ಕ್ಷಣಕ್ಷಣದ ದರಕ್ಕೆ ಇನ್ನೊಂದು ಅನುಕೂಲ ಇದೆ, ಲೆಕ್ಕ ಮಾಡುವವರು ಅದನ್ನು ಬಿಟ್ಟುಕೊಡದಿರಲು ಮುಖ್ಯ ಕಾರಣವೇ ಅದು. 1991ರಲ್ಲಿ ಕರ್ನಾಟಕದ ಜನಸಂಖ್ಯೆ 4,49,77,201. ಆ ದಶಕದ ಏರಿಕೆ ಶೇ 17.5, ಮುಂದಿನ ದಶಕದ್ದು ಶೇ 15.6. ಕೂಡಿಸಿದರೆ 33.1. ಆದರೆ ಇಪ್ಪತ್ತು ವರ್ಷದ ನಿಜವಾದ ಏರಿಕೆ ಶೇ 35.8. ಶೇಕಡಾಗಳನ್ನು ಹೀಗೆ ಕೂಡಿಸಲು ಬರುವುದಿಲ್ಲ. ಲಾಗರಿದಂನಲ್ಲಿ ಮೊದಲ ದಶಕ 0.1613, ಎರಡನೆಯದು 0.1450, ಮೊತ್ತ 0.3063. ಇಪ್ಪತ್ತು ವರ್ಷದ ಅನುಪಾತ 1.3584ರ ಲಾಗರಿದಂ ತೆಗೆದು ನೋಡಿ, ಅದೂ 0.3063. e^a ಮತ್ತು e^b ಗುಣಿಸಿದರೆ ಘಾತಗಳು ಸುಮ್ನೆ ಕೂಡಿಕೊಳ್ಳುತ್ತವೆ, ಅದೇ ಇಲ್ಲಿ ಆಗಿರುವುದು. ಹಾಗಾಗಿ ದರ ವರ್ಷದಿಂದ ವರ್ಷಕ್ಕೆ ಬದಲಾಗುತ್ತಿದ್ದರೂ ಕೆಲಸ ಕೆಡುವುದಿಲ್ಲ. ಒಂದೊಂದು ಅವಧಿಯ r ಕೂಡಿಸಿ, ಕೊನೆಗೆ ಒಂದೇ ಸಲ e ಗೆ ಘಾತವಾಗಿ ಏರಿಸಿದರೆ ಸಾಕು. ಕೆಡುವುದು ಯಾವಾಗ ಅಂದರೆ, ಒಂದು ದಶಕದ ದರ ಹಿಡಿದುಕೊಂಡು ಮುಂದಿನದ್ದೂ ಅದೇ ಅಂತ ಎಣಿಸಿದಾಗ. 1991ರಿಂದ 2001ರ ದರವೇ ಮುಂದುವರಿದಿದ್ದರೆ 2011ರಲ್ಲಿ 6.21 ಕೋಟಿ ಇರಬೇಕಿತ್ತು, ಇದ್ದದ್ದು 6.11 ಕೋಟಿ. ಆ 10 ಲಕ್ಷದ ವ್ಯತ್ಯಾಸ e ಯದ್ದಲ್ಲ, r ಇಳಿದದ್ದರದ್ದು.